ದೊಡ್ಡಮ್ಮನ ಹಾಡು, ಪ್ರೆಸ್ಸಿನ ಫಾಂಟು

ದೊಡ್ಡಮ್ಮ ಹತ್ತಾರು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದ ಮದುವೆ ಹಾಡುಗಳನ್ನು ಹೋದ ಬೇಸಿಗೆಯಲ್ಲಿ ಪುಸ್ತಕ ಮಾಡಿದೆವು. ಡೆಮಿ 1/8 ಅಳತೆ, 144 ಪುಟ, ಅಂದರೆ 16 ಪುಟದ 9 ಫಾರಂ, 500 ಪ್ರತಿ. ಒಳಪುಟಗಳನ್ನು ನಾನು ಇನ್‌ಡಿಸೈನಿನಲ್ಲಿ, ಯೂನಿಕೋಡಿನ ನೋಟೊ ಸೆರಿಫ್ ಕನ್ನಡ ಫಾಂಟಿನಲ್ಲಿ ಕಟ್ಟಿದೆ. ಮುಖಪುಟ ಚಿಕ್ಕಪ್ಪನ ಮಗ ಮಾಡಿದ. ಅವನು ಮದುವೆ ಕಾಗದ, ಬ್ಯಾನರು ಎಲ್ಲ ಮಾಡುವವನು. ಅವನ ಕೆಲಸ ಕೋರೆಲ್ ಡ್ರಾದಲ್ಲಿ, ನುಡಿ 01 ಇ ಫಾಂಟಿನಲ್ಲಿ.

ಪ್ರೆಸ್ಸಿಗೆ ಕಳಿಸುವ ಹಿಂದಿನ ರಾತ್ರಿ ಅವನು ಮುಖಪುಟದ ಪಿಡಿಎಫ್ ಕಳಿಸಿದ. ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ, ಚೆನ್ನಾಗಿತ್ತು. ದೊಡ್ಡಮ್ಮನಿಗೂ ತೋರಿಸೋಣ ಅಂತ ಅವರ ಮೊಬೈಲಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. "ಇದು ಯಾವ ಭಾಷೆಯೇ? ನನ್ನ ಪುಸ್ತಕದ ಹೆಸರೆಲ್ಲಿ?" ಅವರ ಮೊಬೈಲಿನಲ್ಲಿ 'ಹಸೆ ಹಾಡುಗಳು' ಅನ್ನುವುದು ಹೀಗೆ ಕಾಣುತ್ತಿತ್ತು:

```
ºÀ¸É ºÁqÀÄUÀ¼ÀÄ
```

ಕನ್ನಡದ ಹಳೆಯ ಕಡತಗಳನ್ನು ತೆರೆದವರಿಗೆಲ್ಲ ಈ ಮುಖ ಪರಿಚಯವೇ. ನುಡಿ, ಬರಹದಂಥ ಹಳೆಯ ಆಸ್ಕಿ ಫಾಂಟುಗಳಲ್ಲಿ ಕಡತದೊಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ಅಲ್ಲಿರುವುದು ಇಂಗ್ಲಿಷಿನ, ಯುರೋಪಿನ ಅಕ್ಷರಗಳ ಸಂಕೇತ. `º` ಅನ್ನುವ ಜಾಗದಲ್ಲಿ ಹಕಾರದ ಮೈ, `À` ಅನ್ನುವ ಜಾಗದಲ್ಲಿ ತಲೆಕಟ್ಟು ಬರೆದಿಟ್ಟುಕೊಂಡಿರುವುದು ಫಾಂಟು. ಆ ಫಾಂಟು ಪಕ್ಕದಲ್ಲಿದ್ದರೆ ಕನ್ನಡ, ಇಲ್ಲದಿದ್ದರೆ ಏನೂ ಅಲ್ಲ. ಇಂಗ್ಲಿಷಿನಲ್ಲಿ ಒಂದು ಫಾಂಟು ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ, ಅಂದ ಕೆಡುತ್ತದೆ, ಓದುವುದಕ್ಕಂತೂ ಅಡ್ಡಿಯಿಲ್ಲ. ನಮ್ಮಲ್ಲಿ ಫಾಂಟಿನ ಜೊತೆ ಭಾಷೆಯೇ ಹೋಗಿಬಿಡುತ್ತದೆ.

ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ಯಾಕೆಂದರೆ ನನ್ನಲ್ಲೂ ನುಡಿ ಇತ್ತು. ಪಿಡಿಎಫ್‌ನೊಳಗೆ ಫಾಂಟು ಇಲ್ಲದಿದ್ದಾಗ ಅದು ಕಂಪ್ಯೂಟರಿನಲ್ಲಿರುವ ಫಾಂಟನ್ನೇ ಎರವಲು ಪಡೆದು ತೋರಿಸುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಕಟ್ಟಿದ ಯಂತ್ರದಲ್ಲಿ ತೆರೆದು ನೋಡಿ 'ಸರಿಯಿದೆ' ಅನ್ನುವುದರಲ್ಲಿ ಅರ್ಥವಿಲ್ಲ. ಅಂದಿನಿಂದ ನನ್ನ ಮೊದಲ ಪರೀಕ್ಷೆ ಮೊಬೈಲು. ಕನ್ನಡದ ಆಸ್ಕಿ ಫಾಂಟನ್ನು ಯಾರೂ ಮೊಬೈಲಿಗೆ ಹಾಕಿಕೊಂಡಿರುವುದಿಲ್ಲ, ಆದ್ದರಿಂದ ಅದು ಸುಳ್ಳು ಹೇಳುವುದಿಲ್ಲ.

ಎರಡನೇ ಪರೀಕ್ಷೆ ಇನ್ನೂ ಖಚಿತವಾದದ್ದು. ಅಕ್ರೊಬ್ಯಾಟ್ ರೀಡರಿನಲ್ಲಿ Ctrl+D ಒತ್ತಿ `Fonts` ಅನ್ನುವ ಹಾಳೆ ನೋಡಿದರೆ ಪ್ರತಿ ಫಾಂಟಿನ ಹೆಸರಿನ ಮುಂದೆ `Embedded` ಅಥವಾ `Embedded Subset` ಅಂತ ಇರಬೇಕು. ಬರೀ ಹೆಸರಿದ್ದರೆ ಫಾಂಟು ಒಳಗಿಲ್ಲ ಅಂತ. ನಾನು `pdffonts` ಅನ್ನುವ ಪುಟ್ಟ ಉಪಕರಣ ಬಳಸುತ್ತೇನೆ. ಪಾಪ್ಲರ್ ಅನ್ನುವ ಉಚಿತ ತಂತ್ರಾಂಶದ ಜೊತೆ ಬರುತ್ತದೆ. ಮುಖಪುಟಕ್ಕೆ ಅದನ್ನು ಓಡಿಸಿದಾಗ ಬಂದ ಸಾಲಿನಲ್ಲಿ ನಮಗೆ ಬೇಕಾದಷ್ಟು ಭಾಗ ಇದು:

```
name       type       encoding   emb  sub  uni
Nudi01e    TrueType   WinAnsi    no   no   no
```

`emb` ಕೆಳಗೆ `no`. ಅಷ್ಟೇ ಸಾಕು, ಆ ಕಡತ ಪ್ರೆಸ್ಸಿಗೆ ಹೋಗುವ ಹಾಗಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ಇಷ್ಟು ದಿನ ಹೀಗೇ ಕಳಿಸ್ತಿದ್ದೆ, ಏನೂ ಆಗಿರಲಿಲ್ಲ" ಅಂದ. ಅವನು ಕಳಿಸುತ್ತಿದ್ದದ್ದು ಊರಿನ ಬ್ಯಾನರ್ ಅಂಗಡಿಗೆ, ಅಲ್ಲೂ ನುಡಿ ಇರುತ್ತಿತ್ತು. ಕೋರೆಲ್‌ನಲ್ಲಿ ಪಿಡಿಎಫ್ ಮಾಡುವಾಗ ಸೆಟಿಂಗ್ಸಿನ `Objects` ಹಾಳೆಯಲ್ಲಿ ಎರಡು ಆಯ್ಕೆ ಸಿಗುತ್ತವೆ: `Embed fonts in document`, ಮತ್ತೆ `Export all text as curves`. ಅವನಲ್ಲಿ ಎರಡಕ್ಕೂ ಗುರುತಿರಲಿಲ್ಲ. ಮೊದಲನೆಯದು ಫಾಂಟನ್ನು ಕಡತದ ಹೊಟ್ಟೆಯೊಳಗೆ ಇಟ್ಟು ಕಳಿಸುತ್ತದೆ, ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಎರಡನೆಯದು ಅಕ್ಷರವನ್ನೇ ಚಿತ್ರವಾಗಿಸುತ್ತದೆ. ಹಕಾರ ಆಮೇಲೆ ಹಕಾರ ಅಲ್ಲ, ಹಕಾರದ ಆಕಾರದಲ್ಲಿರುವ ಒಂದು ರೇಖೆ. ಫಾಂಟಿನ ಹಂಗೇ ಇಲ್ಲ.

ಪ್ರೆಸ್ಸಿನವರು ಮುಖಪುಟಕ್ಕೆ ಕೋರೆಲ್ ಕಡತವನ್ನೇ ಕೇಳಿದ್ದರು, ಬೆನ್ನಿನ ಅಗಲವನ್ನು ಕಾಗದದ ದಪ್ಪ ನೋಡಿ ಹೊಂದಿಸಬೇಕು ಅಂತ. ಹಾಗಾಗಿ ಕರ್ವ್ಸ್ ಮಾಡುವುದೇ ದಾರಿ. ತಮ್ಮ Ctrl+A ಒತ್ತಿ, Ctrl+Q ಒತ್ತಿದ. ಅಲ್ಲಿಗೆ ಮುಗಿಯಿತು ಅಂದ. ನೋಡೋಣ, ಅದರಿಂದ ಒಂದು ಪಿಡಿಎಫ್ ಮಾಡಿ ಕಳಿಸು ಅಂದೆ. `pdffonts` ಓಡಿಸಿದರೆ ನುಡಿಯ ಸಾಲು ಇನ್ನೂ ಅಲ್ಲೇ ಇದೆ! ಎಲ್ಲ ಕರ್ವ್ಸ್ ಆಗಿದ್ದರೆ ಪಟ್ಟಿ ಖಾಲಿ ಬರಬೇಕು.

ಎಲ್ಲಿ ಅಡಗಿದೆ ಅಂತ ಹುಡುಕಲು ಅರ್ಧ ಗಂಟೆ ಹಿಡಿಯಿತು. ಮುಖಪುಟದಲ್ಲಿ ಹಸೆಯ ಚಿತ್ತಾರದ ಚೌಕಟ್ಟೊಂದಿತ್ತು, ಅದರೊಳಗೆ ದೊಡ್ಡಮ್ಮನ ಹೆಸರು. ಆ ಚೌಕಟ್ಟನ್ನು ತಮ್ಮ ಪವರ್‌ಕ್ಲಿಪ್ ಮಾಡಿ ಹೆಸರನ್ನು ಒಳಗೆ ಕೂರಿಸಿದ್ದ. ಹೊರಗಿನಿಂದ ಎಲ್ಲವನ್ನೂ ಆರಿಸಿ Ctrl+Q ಒತ್ತಿದರೆ ಪವರ್‌ಕ್ಲಿಪ್ಪಿನ ಒಳಗಿರುವುದಕ್ಕೆ ಅದು ತಟ್ಟಿರಲಿಲ್ಲ. ಪವರ್‌ಕ್ಲಿಪ್ ತೆರೆದು, ಒಳಗೆ ಹೋಗಿ, ಹೆಸರನ್ನು ಪ್ರತ್ಯೇಕವಾಗಿ ಕರ್ವ್ಸ್ ಮಾಡಬೇಕಾಯಿತು. ಬೀಗ ಹಾಕಿದ ಪದರದಲ್ಲಿರುವ ಅಕ್ಷರಗಳೂ ಹೀಗೇ ತಪ್ಪಿಸಿಕೊಳ್ಳುತ್ತವೆ. ಪುಸ್ತಕದ ಹೆಸರು, ಬೆನ್ನುಡಿ, ಬೆಲೆ ಎಲ್ಲ ಸರಿಯಾಗಿ ಬಂದು, ಹಾಡಿದವರ ಹೆಸರೊಂದೇ ಚೌಕಟ್ಟಿನೊಳಗೆ ಗೊಜಲಾಗಿ ಅಚ್ಚಾಗುತ್ತಿತ್ತು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕರ್ವ್ಸ್ ಮಾಡುವ ಮುಂಚೆ ಅವನಿಂದ ಮೂಲ ಕಡತವನ್ನು ಬೇರೆ ಹೆಸರಲ್ಲಿ ಉಳಿಸಿಸಿದ್ದೆ. ಕರ್ವ್ಸ್ ಆದಮೇಲೆ ಒಂದು ಕೊಂಬು ತಿದ್ದುವುದಕ್ಕೂ ದಾರಿಯಿಲ್ಲ. ಉಳಿಸಿ ಮುಚ್ಚಿದ ಮೇಲೆ ಹಿಂದಕ್ಕೆ ಬರುವ ಗುಂಡಿಯೂ ಇಲ್ಲ.

ಒಳಪುಟಗಳ ವಿಷಯದಲ್ಲಿ ನನಗೆ ಧೈರ್ಯವಿತ್ತು. ಇನ್‌ಡಿಸೈನಿನಲ್ಲಿ ಪ್ಯಾರಾಗ್ರಾಫಿಗೆ `Adobe World-Ready Paragraph Composer` ಆರಿಸಿದ್ದೆ, ಅದಿಲ್ಲದಿದ್ದರೆ ಕನ್ನಡದ ಒತ್ತು ಒತ್ತಿನ ಜಾಗದಲ್ಲಿ ಕೂರುವುದಿಲ್ಲ. ಪಿಡಿಎಫ್ ಮಾಡುವಾಗ `PDF/X-1a:2001` ಅನ್ನುವ ಸಿದ್ಧ ಆಯ್ಕೆಯನ್ನೇ ಹಿಡಿದೆ. ಮುದ್ರಣಕ್ಕೆಂದೇ ಮಾಡಿದ ಆ ಬಗೆಯ ಪಿಡಿಎಫ್‌ನಲ್ಲಿ ಫಾಂಟು ಒಳಗಿರಲೇಬೇಕು ಅನ್ನುವುದು ನಿಯಮ. ಪರೀಕ್ಷೆಯೂ ಮಾಡಿದೆ:

```
name                             type          encoding    emb  sub  uni
KJQWRT+NotoSerifKannada-Regular  CID TrueType  Identity-H  yes  yes  yes
```

ಹೆಸರಿನ ಮುಂದಿನ ಆರು ಅಕ್ಷರ ಮತ್ತು ಕೂಡಿಸುವ ಗುರುತು ಹೇಳುವುದು, ಇಡೀ ಫಾಂಟಲ್ಲ, ಪುಸ್ತಕದಲ್ಲಿ ಬಳಕೆಯಾದ ಆಕೃತಿಗಳಷ್ಟೇ ಒಳಗಿವೆ ಅಂತ. ಅಚ್ಚಿಗೆ ಅಷ್ಟು ಧಾರಾಳ ಸಾಕು. ಮೊಬೈಲಿನಲ್ಲಿ ತೆರೆದೆ, ಸರಿಯಿತ್ತು. ದೊಡ್ಡಮ್ಮನ ಮೊಬೈಲಿನಲ್ಲೂ ಸರಿಯಿತ್ತು. ಕಳಿಸಿದೆ.

ಮೂರು ದಿನ ಬಿಟ್ಟು ಮೊದಲ ಫಾರಮ್ಮಿನ ಪ್ರೂಫ್ ಬಂತು. ಐದನೇ ಪುಟದ ಮೊದಲ ಹಾಡಿನಲ್ಲೇ 'ಅಕ್ಷತೆ' ಅನ್ನುವುದು 'ಅಕ್‌ಷತೆ' ಆಗಿದೆ. 'ತುಪ್ಪ' ಹೋಗಿ 'ತುಪ್‌ಪ' ಆಗಿದೆ. ಕೆಲವು ಒತ್ತಿನ ಜಾಗದಲ್ಲಿ ಖಾಲಿ ಚೌಕ. ಅಕ್ಷರದ ಮೈಕಟ್ಟೂ ನಾನು ಆರಿಸಿದ್ದಲ್ಲ, ಬೇರೆ ಯಾವುದೋ ಫಾಂಟು. ಕಳಿಸಿದ ಕಡತವನ್ನೇ ಮತ್ತೆ ತೆರೆದು ನೋಡಿದೆ, ಅದರಲ್ಲಿ ಎಲ್ಲವೂ ಸರಿಯಿತ್ತು. `emb` ಕೆಳಗೆ `yes` ಇದ್ದ ಕಡತದಿಂದ ಇದು ಹೇಗೆ ಬಂತು ಅಂತ ತಲೆ ಕೆಟ್ಟುಹೋಯಿತು.

ಮರುದಿನ ಬಸ್ಸು ಹತ್ತಿ ಪ್ರೆಸ್ಸಿಗೇ ಹೋದೆ. ಆಪರೇಟರ್ ಹುಡುಗ ಒಳ್ಳೆಯವನು, ಕುರ್ಚಿ ಎಳೆದು ಕೂರಿಸಿದ. "ಮೇಡಂ, ನೀವು ಕೊಟ್ಟ ಪಿಡಿಎಫ್‌ಗೆ ನಾನು ಏನೂ ಮಾಡಿಲ್ಲ. ಕೋರೆಲ್‌ಗೆ ತಗೊಂಡೆ, ಪುಟ ಜೋಡಿಸಿದೆ, ಅಷ್ಟೇ" ಅಂದ. ಹೇಗೆ ತಗೊಂಡಿರಿ, ಒಂದು ಸಲ ತೋರಿಸಿ ಅಂದೆ.

ಅವರು 16 ಪುಟದ ಫಾರಂ ಜೋಡಿಸುವುದು ಕೋರೆಲ್‌ನಲ್ಲಿಯೇ. ಹಾಳೆಯ ಈ ಮಗ್ಗುಲಿಗೆ 8 ಪುಟ, ಆ ಮಗ್ಗುಲಿಗೆ 8, ಮಡಿಚಿದಾಗ ಸಾಲಾಗಿ ಬರುವ ಹಾಗೆ ತಲೆಕೆಳಗು ಮಾಡಿ ಕೂರಿಸುವ ಕೆಲಸ. ಅದಕ್ಕೆ ಪಿಡಿಎಫ್ ಅನ್ನು ಇಂಪೋರ್ಟ್ ಮಾಡುತ್ತಾರೆ. ಅವನು ಕಡತ ಆರಿಸಿದ ಕೂಡಲೇ ಒಂದು ಚಿಕ್ಕ ಕಿಟಕಿ ಬಂತು, ಅವನು ಅಭ್ಯಾಸಬಲದಿಂದ ಎಂಟರ್ ಒತ್ತಿಬಿಟ್ಟ. "ನಿಲ್ಲಿ, ಅದನ್ನು ಮತ್ತೊಮ್ಮೆ ತೋರಿಸಿ" ಅಂದೆ. ಆ ಕಿಟಕಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಪಿಡಿಎಫ್‌ನ ಅಕ್ಷರಗಳನ್ನು `Text` ಆಗಿ ತರಲೋ, `Curves` ಆಗಿ ತರಲೋ? ಗುರುತು ಇದ್ದದ್ದು `Text` ಮೇಲೆ.

ಫಾಂಟು ಒಳಗಿದ್ದರೂ ಅಕ್ಷರ ಒಡೆದದ್ದು ಅಲ್ಲೇ. ಪಿಡಿಎಫ್‌ನಲ್ಲಿ ಇರುವುದು 'ಕ', 'ವಿರಾಮ', 'ಷ' ಅಂತ ಬಿಡಿಬಿಡಿ ಅಕ್ಷರವಲ್ಲ, 'ಕ್ಷ' ಅನ್ನುವ ಸಿದ್ಧ ಆಕೃತಿಯ ಸಂಖ್ಯೆ ಮತ್ತು ಅದು ಕೂರಬೇಕಾದ ಜಾಗ. ಸುಮ್ಮನೆ ತೋರಿಸುವಾಗ, ಪ್ಲೇಟಿಗೆ ಕಳಿಸುವಾಗ ಆ ಸಂಖ್ಯೆಯ ಆಕೃತಿಯನ್ನು ಒಳಗಿನ ಫಾಂಟಿನಿಂದ ತೆಗೆದು ಇಡುತ್ತದೆ, ತಪ್ಪಲು ಜಾಗವಿಲ್ಲ. ತಿದ್ದಲು ಬರುವ ಪಠ್ಯವಾಗಿ ತೆರೆ ಅಂದರೆ ಕಥೆಯೇ ಬೇರೆ. ಆಗ ಆ ಸಂಖ್ಯೆಗಳಿಂದ ಮೂಲ ಅಕ್ಷರಗಳನ್ನು ಊಹಿಸಿ, ಆ ಕಂಪ್ಯೂಟರಿನಲ್ಲಿರುವ ಫಾಂಟಿನಿಂದ ಹೊಸದಾಗಿ ಬರೆಯಬೇಕು. ಪಿಡಿಎಫ್‌ನ ಹೊಟ್ಟೆಯಲ್ಲಿರುವ ತುಂಡು ಫಾಂಟು ಆ ಕೆಲಸಕ್ಕೆ ಬರುವುದಿಲ್ಲ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನೋಟೊ ಇರಲಿಲ್ಲ, ಅಲ್ಲಿದ್ದ ಕೋರೆಲ್ ಹಳೆಯದು, ಒತ್ತು ಕೂರಿಸುವುದು ಅದಕ್ಕೆ ಬರುತ್ತಿರಲಿಲ್ಲ.

ಫಾಂಟು ಎಂಬೆಡ್ ಮಾಡಿದ್ದೇವೆ ಅಂದರೆ ಕಡತವನ್ನು ತೆರೆದು ತಿದ್ದದೆ ಹಾಗೆಯೇ ಅಚ್ಚಿಗೆ ಹಾಕುವವರೆಗೆ ಮಾತ್ರ ರಕ್ಷಣೆ. ಸಣ್ಣ ಊರುಗಳ ಎಷ್ಟೋ ಪ್ರೆಸ್ಸುಗಳಲ್ಲಿ ಪಿಡಿಎಫ್ ಅನ್ನು ಯಾವುದಾದರೊಂದು ಚಿತ್ರ ಬಿಡಿಸುವ ತಂತ್ರಾಂಶಕ್ಕೆ ತೆಗೆದುಕೊಳ್ಳದೆ ಕೆಲಸ ಸಾಗುವುದಿಲ್ಲ. ಹಾಗಾಗಿ ನಾನೀಗ ಕಡತ ಕೊಡುವ ಮೊದಲು 'ನಿಮ್ಮಲ್ಲಿ ಪುಟ ಜೋಡಿಸುವುದು ಯಾವುದರಲ್ಲಿ?' ಅಂತಲೇ ಕೇಳುತ್ತೇನೆ.

`Curves` ಆರಿಸಿ ಇಂಪೋರ್ಟ್ ಮಾಡಿದಾಗ ಪುಟ ನನ್ನದರಂತೆಯೇ ಬಂತು. ಆದರೆ 144 ಪುಟ, ಪ್ರತಿ ಸಲವೂ ಆ ಕಿಟಕಿ, ಒಂದು ಸಲ ಕೈ ತಪ್ಪಿ ಎಂಟರ್ ಬಿದ್ದರೆ ಒಂದು ಹಾಡು ಹಾಳು. ಅಂಥ ಜವಾಬ್ದಾರಿಯನ್ನು ಆ ಹುಡುಗನ ಮೇಲೆ ಹೊರಿಸಲು ಮನಸ್ಸಾಗಲಿಲ್ಲ. ಮನೆಗೆ ಬಂದು ಒಳಪುಟಗಳನ್ನೇ ಕರ್ವ್ಸ್ ಮಾಡಿಕೊಡೋಣ ಅಂದುಕೊಂಡೆ.

ಇನ್‌ಡಿಸೈನಿನಲ್ಲಿಯೇ `Create Outlines` ಇದೆ. ಒಂದು ಅಧ್ಯಾಯಕ್ಕೆ ಮಾಡಿ ನೋಡಿದೆ, ಹಾಡುಗಳ ತಲೆಬರಹದ ಕೆಳಗಿನ ಅಡಿಗೆರೆಗಳೂ, ಟಿಪ್ಪಣಿಗಳ ತಾನಾಗಿ ಬರುವ ಕ್ರಮಸಂಖ್ಯೆಗಳೂ ಮಾಯವಾದವು. ಅವು ಅಕ್ಷರಗಳಲ್ಲ, ಪಠ್ಯಕ್ಕೆ ಅಂಟಿಸಿದ ಅಲಂಕಾರ, ಪಠ್ಯ ಹೋದಾಗ ಅವೂ ಹೋಗುತ್ತವೆ. ಅದಕ್ಕೇ ಸಿದ್ಧವಾದ ಪಿಡಿಎಫ್‌ನಿಂದಲೇ ಕರ್ವ್ಸ್ ಮಾಡುವುದು ಮೇಲು. ಅಕ್ರೊಬ್ಯಾಟ್ ಪ್ರೊ ಇದ್ದವರು ಅದರ ಪ್ರೀಫ್ಲೈಟಿನಲ್ಲಿ ಮಾಡುತ್ತಾರೆ. ನನ್ನಲ್ಲಿ ಅದಿಲ್ಲ, ಉಚಿತವಾಗಿ ಸಿಗುವ ಘೋಸ್ಟ್‌ಸ್ಕ್ರಿಪ್ಟ್ ಇತ್ತು:

```
gs -o hase-curves.pdf -sDEVICE=pdfwrite -dNoOutputFonts hase.pdf
```

ವಿಂಡೋಸ್‌ನಲ್ಲಿ `gs` ಬದಲು `gswin64c` ಅಂತ ಬರೆಯಬೇಕು. ಕಡತ ಮೊದಲಿಗಿಂತ ದಪ್ಪವಾಯಿತು, ಪರವಾಗಿಲ್ಲ. ಹೊಸ ಕಡತಕ್ಕೆ ಪಿಡಿಎಫ್/ಎಕ್ಸ್ ಅನ್ನುವ ಗುರುತು ಉಳಿಯುವುದಿಲ್ಲ, ಈ ಪ್ರೆಸ್ಸಿಗೆ ಅದರಿಂದ ತೊಂದರೆಯಿರಲಿಲ್ಲ. `pdffonts` ಓಡಿಸಿದೆ, ಪಟ್ಟಿ ಖಾಲಿ. ಒಂದು ಸಾಲನ್ನು ಮೌಸಿನಿಂದ ಆರಿಸಲು ನೋಡಿದೆ, ಅಕ್ಷರ ಹಿಡಿತಕ್ಕೆ ಸಿಗಲಿಲ್ಲ. ಇನ್ನು ಯಾರು ಯಾವ ಗುಂಡಿ ಒತ್ತಿದರೂ ಒತ್ತಕ್ಷರ ಒಡೆಯುವ ಹಾಗಿಲ್ಲ.

ಪ್ಲೇಟಿಗೆ ಹೋಗುವ ಮುಂಚೆ ದೊಡ್ಡಮ್ಮ ಕೊನೆಯ ಸಲ ನೋಡಲಿ ಅಂತ ಆ ಕರ್ವ್ಸ್ ಕಡತವನ್ನು ಲೇಸರ್ ಪ್ರಿಂಟರಿನಲ್ಲಿ ತೆಗೆಸಿ ಕೊಟ್ಟೆ. ಅವರು ಕೆಂಪು ಪೆನ್ನು ಹಿಡಿದು ಕೂತರು. ಹಾಡುಗಳಲ್ಲಿ ಏನೂ ಇಲ್ಲ. 61ನೇ ಪುಟದ ಅಡಿಟಿಪ್ಪಣಿಯಲ್ಲಿ ಸುತ್ತು ಹಾಕಿದರು. "ದಾರೆ ಅಂತ ಬಂದಿದೆ ನೋಡು. ಧಾರೆ ಆಗಬೇಕು. ಮಹಾಪ್ರಾಣ ಬಿಟ್ಟುಹೋಗಿದೆ." ಇನ್ನೂ ಎರಡು ಕಡೆ ಅದೇ.

ಮೂಲ ಕಡತದಲ್ಲಿ 'ಧಾರೆ' ಅಂತಲೇ ಇತ್ತು. ಪಿಡಿಎಫ್ ಅನ್ನು ಶೇಕಡಾ 800ಕ್ಕೆ ಹಿಗ್ಗಿಸಿದೆ, ಧಕಾರದ ಹೊಟ್ಟೆ ಸೀಳಿರುವ ಸಣ್ಣ ಗೆರೆ ಸ್ಪಷ್ಟವಾಗಿ ಇದೆ. ಕಾಗದದ ಮೇಲೆ ಮಾತ್ರ ಅದು ಮಸಿಯಲ್ಲಿ ಮುಚ್ಚಿಹೋಗಿದೆ. ಅದೇ ಪುಟವನ್ನು ಫಾಂಟು ಒಳಗಿರುವ ಮೊದಲ ಕಡತದಿಂದ ಅದೇ ಪ್ರಿಂಟರಿನಲ್ಲಿ ತೆಗೆಸಿ ಪಕ್ಕದಲ್ಲಿಟ್ಟೆ. ಅದರಲ್ಲಿ ಸೀಳು ಕಾಣುತ್ತದೆ, ತೆಳುವಾಗಿ, ಆದರೆ ಕಾಣುತ್ತದೆ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರೆ ಕರ್ವ್ಸ್ ಪುಟದ ಅಕ್ಷರಗಳೆಲ್ಲ ಒಂದು ಕೂದಲಿನಷ್ಟು ದಪ್ಪ.

ಕಾರಣ ಹೀಗೆ. ಅಕ್ಷರ ಅಕ್ಷರವಾಗಿದ್ದಾಗ ಪ್ರಿಂಟರು ಅದನ್ನು ಫಾಂಟಿನ ರೀತಿಯಲ್ಲಿ ನಾಜೂಕಾಗಿ ಚುಕ್ಕಿಗಳಾಗಿಸುತ್ತದೆ. ಚಿತ್ರವಾದ ಮೇಲೆ ನಿಯಮ ಒರಟು: ಆಕೃತಿಯ ಅಂಚು ಒಂದು ಚುಕ್ಕಿಯನ್ನು ತುಸು ತಾಗಿದರೂ ಆ ಚುಕ್ಕಿ ಪೂರ್ತಿ ಕಪ್ಪು. 600 ಡಿಪಿಐ ಲೇಸರ್ ಪ್ರಿಂಟರಿನಲ್ಲಿ ಒಂದು ಚುಕ್ಕಿ ಸುಮಾರು 0.042 ಮಿಲಿಮೀಟರು. ನನ್ನ ಅಡಿಟಿಪ್ಪಣಿ ಇದ್ದದ್ದು ಏಳೂವರೆ ಪಾಯಿಂಟಿನಲ್ಲಿ. ಅಷ್ಟು ಸಣ್ಣ ಧಕಾರದ ಸೀಳಿನ ಅಕ್ಕಪಕ್ಕದ ಬಿಳಿಗೆ ಎರಡೂ ಕಡೆಯಿಂದ ಒಂದೊಂದು ಚುಕ್ಕಿ ಒತ್ತರಿಸಿಕೊಂಡು ಬಂದರೆ ಉಳಿಯುವುದೇನು? ಪ್ಲೇಟು ಮಾಡುವ ಯಂತ್ರ 2400 ಡಿಪಿಐ, ಅಲ್ಲಿ ಚುಕ್ಕಿ ಇದರ ಕಾಲು ಭಾಗ, ಸೀಳು ಉಳಿಯುತ್ತದೆ ಅಂತ ಲೆಕ್ಕ ಹೇಳುತ್ತಿತ್ತು.

ಆದರೂ ಲೆಕ್ಕ ನಂಬಿ ಸುಮ್ಮನಿರಲು ಆಗಲಿಲ್ಲ. ದ, ಧ ಬೇರೆ. ಪ, ಫ ಬೇರೆ. ಆ ವ್ಯತ್ಯಾಸವೆಲ್ಲ ನಿಂತಿರುವುದು ಆ ಒಂದು ಗೀರಿನ ಮೇಲೆ. ಮೂಲ ಕಡತಕ್ಕೆ ಹಿಂತಿರುಗಿ ಅಡಿಟಿಪ್ಪಣಿಗಳನ್ನು ಎಂಟೂವರೆ ಪಾಯಿಂಟಿಗೆ ಏರಿಸಿದೆ. ನಾಲ್ಕು ಪುಟಗಳಲ್ಲಿ ಸಾಲುಗಳು ಮುಂದಕ್ಕೆ ಜರುಗಿದವು, ಸರಿಪಡಿಸಿದೆ. ಮತ್ತೆ ಪಿಡಿಎಫ್, ಮತ್ತೆ `pdffonts`, ಮತ್ತೆ `gs`, ಮತ್ತೆ ಖಾಲಿ ಪಟ್ಟಿ. ತಿದ್ದುಪಡಿಯನ್ನು ಕರ್ವ್ಸ್ ಕಡತದಲ್ಲಿ ಮಾಡಲು ಸಾಧ್ಯವೇ ಇರಲಿಲ್ಲ, ಮೂಲ ಕೈಯಲ್ಲಿದ್ದದ್ದರಿಂದ ಒಂದು ಸಂಜೆಯಲ್ಲಿ ಮುಗಿಯಿತು. ಪ್ರೆಸ್ಸಿನಲ್ಲಿ ಈ ಸಲ ಒಂದೇ ಮಾತು ಕೇಳಿಕೊಂಡೆ: 61ನೇ ಪುಟ ಇರುವ ಫಾರಮ್ಮಿನ ಪ್ಲೇಟನ್ನು ಮೊದಲು ಮಾಡಿ, ಅಚ್ಚಾದ ಮೊದಲ ಒಳ್ಳೆಯ ಹಾಳೆ ಬಂದ ಕೂಡಲೇ ಫೋನ್ ಮಾಡಿ.

ಹಾಳೆಯನ್ನು ಮಡಿಚದೆ, ಸುರುಳಿ ಸುತ್ತಿಕೊಂಡು ಮನೆಗೆ ತಂದೆ. ದೊಡ್ಡಮ್ಮ ಅದನ್ನು ಮಂಚದ ಮೇಲೆ ಹಾಸಿ, ತಲೆಕೆಳಗಾಗಿದ್ದ ಪುಟ ಹುಡುಕಿಕೊಂಡು ಮಂಚದ ಆಚೆ ಬದಿಗೆ ಹೋಗಿ ಕೂತು, ಪಂಚಾಂಗ ನೋಡುವ ಭೂತಗನ್ನಡಿಯನ್ನು ಅಡಿಟಿಪ್ಪಣಿಯ ಮೇಲೆ ಇಟ್ಟರು. "ಧಾರೆ" ಅಂದರು. ಗನ್ನಡಿಯನ್ನು ಮುಂದಕ್ಕೆ ಸರಿಸಿ, "ಇದೂ ಧಾರೆ" ಅಂದರು. ಆಮೇಲೆ ಗನ್ನಡಿ ಪಕ್ಕಕ್ಕಿಟ್ಟು, ಮೇಲಿದ್ದ ಹಾಡನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತ, ಬೆರಳಿಟ್ಟು ಸಾಲುಸಾಲಾಗಿ ಓದತೊಡಗಿದರು. ನಾನು ಪ್ರೆಸ್ಸಿಗೆ ಫೋನ್ ಮಾಡಿ ಉಳಿದ ಫಾರಂಗಳನ್ನು ಓಡಿಸಿ ಅಂದೆ.